ಐದು ನಿಮಿಷದ ಹನಿ: ವಿಯೆಟ್ನಾಮಿನ ಫಿನ್ ಕಾಫಿ



ವಿಯೆಟ್ನಾಮಿನ ಹಳೆಯ ಪದ್ಧತಿಯ ಕಾಫಿ ಅಂಗಡಿಯಲ್ಲಿ ಕುಳಿತು ಕಾಫಿ ಹೇಳಿದರೆ, ನಿಮ್ಮ ಮುಂದೆ ಬರುವುದು ತಯಾರಾದ ಕಾಫಿಯಲ್ಲ, ತಯಾರಾಗುತ್ತಿರುವ ಕಾಫಿ. ಒಂದು ಗಿಡ್ಡ ಗಾಜಿನ ಲೋಟ, ಅದರ ತಳದಲ್ಲಿ ಒಂದು ಬೆರಳಿನಷ್ಟು ದಪ್ಪಕ್ಕೆ ಕಂಡೆನ್ಸ್‌ಡ್ ಮಿಲ್ಕ್, ಲೋಟದ ಬಾಯಿಯ ಮೇಲೆ ಅಂಗೈಯಲ್ಲಿ ಹಿಡಿಸುವ ಒಂದು ಲೋಹದ ಸಾಧನ. ಅದರ ಅಡಿಯಿಂದ ಕಪ್ಪು ಕಾಫಿ ಹನಿಹನಿಯಾಗಿ ಬೀಳುತ್ತಿರುತ್ತದೆ. ಬೀಳುವ ಹನಿ ಬಿಳಿಯ ಹಾಲಿನೊಳಗೆ ಕೂಡಲೇ ಬೆರೆಯುವುದಿಲ್ಲ. ಹಾಲು ಗಟ್ಟಿ, ಕಾಫಿ ತೆಳು. ಆದ್ದರಿಂದ ಕಾಫಿ ಮೇಲೆಯೇ ನಿಂತು ಕಪ್ಪು ಪದರವಾಗಿ ಏರುತ್ತಾ ಹೋಗುತ್ತದೆ. ಹನಿ ನಿಂತ ಮೇಲೆ ಗಿರಾಕಿಯೇ ಆ ಸಾಧನವನ್ನು ಎತ್ತಿ ಪಕ್ಕಕ್ಕಿಟ್ಟು, ಚಮಚದಿಂದ ತಳದ ಹಾಲನ್ನು ಕದಡಿ, ಬೇಕಿದ್ದರೆ ಮಂಜುಗಡ್ಡೆ ತುಂಬಿದ ಎತ್ತರದ ಲೋಟಕ್ಕೆ ಬಗ್ಗಿಸಿಕೊಂಡು ಕುಡಿಯುತ್ತಾನೆ. ಈ ಸಾಧನದ ಹೆಸರು ಫಿನ್. ಹಾಲು ಮತ್ತು ಮಂಜುಗಡ್ಡೆ ಸೇರಿದ ಕಾಫಿಗೆ ಅಲ್ಲಿಯವರು ಕಾ ಫೇ ಸುವಾ ದಾ ಎನ್ನುತ್ತಾರೆ. ಹಾಲಿಲ್ಲದ ಕರಿ ಕಾಫಿ ಕಾ ಫೇ ದೆನ್.

ಇವತ್ತು ನಾನು ಮಾತಾಡಬೇಕೆಂದಿರುವುದು ಆ ಹನಿಗಳ ಬಗ್ಗೆ. ಅವು ಎಷ್ಟು ಹೊತ್ತು ಬೀಳಬೇಕು, ಬೇಗ ಬಿದ್ದರೆ ಏನಾಗುತ್ತದೆ, ನಿಧಾನವಾದರೆ ಏನಾಗುತ್ತದೆ, ಆ ವೇಗ ನಮ್ಮ ಕೈಯಲ್ಲಿರುವುದು ಹೇಗೆ ಎಂಬಷ್ಟೇ ವಿಷಯ. ಫಿನ್ ಈಗ ನಮ್ಮ ಊರುಗಳಲ್ಲೂ ಸಿಗುತ್ತಿದೆ. ತಂದವರಲ್ಲಿ ಹಲವರು ನಾಲ್ಕಾರು ಸಲ ಮಾಡಿ, ಒಂದು ದಿನ ನೀರಾದ ಕಾಫಿ, ಇನ್ನೊಂದು ದಿನ ಇಳಿಯದೇ ನಿಂತ ಕಾಫಿ ಕಂಡು, ಅದನ್ನು ಅಟ್ಟಕ್ಕೆ ಹಾಕಿಬಿಡುತ್ತಾರೆ. ಅದು ಅನ್ಯಾಯ. ಫಿನ್ ಬಹಳ ನಂಬಿಕಸ್ಥ ಸಾಧನ. ಅದರ ಹದ ತಿಳಿದರೆ ಪ್ರತಿದಿನವೂ ಒಂದೇ ರುಚಿ ಕೊಡುತ್ತದೆ.

ಮೊದಲು ಅದರ ಅಂಗಾಂಗ ನೋಡೋಣ. ಫಿನ್‌ಗೆ ನಾಲ್ಕು ಭಾಗ. ಲೋಟದ ಬಾಯಿಯ ಮೇಲೆ ಕೂರುವ, ನಡುವೆ ತೂತುಗಳಿರುವ ಒಂದು ಅಗಲ ತಟ್ಟೆ. ಅದರ ಮೇಲೆ ತಳದಲ್ಲಿ ಸಣ್ಣ ತೂತುಗಳಿರುವ ಒಂದು ಬಟ್ಟಲು. ಎಷ್ಟೋ ಫಿನ್‌ಗಳಲ್ಲಿ ಈ ತಟ್ಟೆ ಮತ್ತು ಬಟ್ಟಲು ಸೇರಿ ಒಂದೇ ಆಗಿರುತ್ತವೆ. ಬಟ್ಟಲಿನೊಳಗೆ ಪುಡಿಯ ಮೇಲೆ ಕೂರುವ ತೂತುಬಿದ್ದ ಒಂದು ಬಿಲ್ಲೆ. ಅದನ್ನು ನಾನು ಒತ್ತುಬಿಲ್ಲೆ ಎಂದು ಕರೆಯುತ್ತೇನೆ. ಎಲ್ಲದರ ಮೇಲೆ ಒಂದು ಮುಚ್ಚಳ. ಅಲ್ಯೂಮಿನಿಯಂ ಫಿನ್ ಅಗ್ಗ, ಹಗುರ. ಸ್ಟೀಲಿನದು ಸ್ವಲ್ಪ ತೂಕ, ಬಾಳಿಕೆ ಹೆಚ್ಚು. ಕಾಗದದ ಸೋಸುಹಾಳೆ ಬೇಡ, ವಿದ್ಯುತ್ ಬೇಡ.

ಇದನ್ನು ಕೇಳಿದ ಕೂಡಲೇ ನಿಮಗೆ ನಮ್ಮ ಮನೆಯ ಕಾಫಿ ಫಿಲ್ಟರ್ ನೆನಪಾಗಿರಬೇಕು. ಸಹಜ. ಎರಡೂ ಲೋಹದವು, ಎರಡರಲ್ಲೂ ತೂತಿನ ತಳ, ಎರಡರಲ್ಲೂ ಪುಡಿಯನ್ನು ಅದುಮುವ ಬಿಲ್ಲೆ. ಆದರೆ ಕೆಲಸದ ಕ್ರಮ ಬೇರೆ. ನಮ್ಮ ಫಿಲ್ಟರಿನಲ್ಲಿ ರಾತ್ರಿಯೇ ನೀರು ಹುಯ್ದು ಮಲಗಿದರೂ ನಡೆಯುತ್ತದೆ. ಡಿಕಾಕ್ಷನ್ ತಣ್ಣಗಾದರೆ ಚಿಂತೆಯಿಲ್ಲ, ಬಿಸಿ ಹಾಲು ಅದನ್ನು ಎತ್ತಿಕೊಳ್ಳುತ್ತದೆ. ಇಳಿಯಲು ಅರ್ಧ ಗಂಟೆ ಹಿಡಿದರೂ ಯಾರೂ ಗಡಿಯಾರ ನೋಡುವುದಿಲ್ಲ. ಫಿನ್‌ಗೆ ಆ ಬಿಡುವಿಲ್ಲ. ಅಲ್ಲಿ ಹಾಲು ಕಾಯಿಸುವ ಮಾತೇ ಇಲ್ಲ, ಇಳಿದ ಕಾಫಿಯೇ ಕುಡಿಯುವ ಕಾಫಿ. ಅದು ಬಿಸಿಯಾಗಿಯೇ ಇಳಿಯಬೇಕು, ಗಟ್ಟಿಯಾಗಿಯೇ ಇಳಿಯಬೇಕು, ಎದುರಿಗೆ ಕುಳಿತವರು ಕಾಯುವಷ್ಟರೊಳಗೆ ಇಳಿಯಬೇಕು. ಹಾಗಾಗಿಯೇ ಫಿನ್‌ನಲ್ಲಿ ಸಮಯಕ್ಕೆ ಇಷ್ಟು ಬೆಲೆ.

ಅಲ್ಲಿಯ ಕಾಫಿಯ ಗುಣವೂ ಇದಕ್ಕೆ ಸೇರಿಕೊಂಡಿದೆ. ವಿಯೆಟ್ನಾಮಿಗೆ ಕಾಫಿ ಗಿಡ ಬಂದದ್ದು 1857ರಲ್ಲಿ, ಫ್ರೆಂಚ್ ಪಾದ್ರಿಗಳ ಮೂಲಕ. ಆದರೆ ಆ ದೇಶ ಕಾಫಿಯ ದೊಡ್ಡ ಬೆಳೆಗಾರನಾದದ್ದು ತೀರಾ ಈಚೆಗೆ, 1986ರ ಆರ್ಥಿಕ ಸುಧಾರಣೆಗಳ ನಂತರ. ಈಗ ಬ್ರೆಜಿಲ್ ಬಿಟ್ಟರೆ ಜಗತ್ತಿನಲ್ಲಿ ಅತಿ ಹೆಚ್ಚು ಕಾಫಿ ಬೆಳೆಯುವ ದೇಶ ಅದು; ರೊಬಸ್ಟಾ ಒಂದನ್ನೇ ತೆಗೆದುಕೊಂಡರೆ ಅದೇ ಮೊದಲನೆಯದು. ದಾಕ್ ಲಾಕ್ ಪ್ರಾಂತ್ಯ, ಅದರ ಮುಖ್ಯ ಊರಾದ ಬುವೋನ್ ಮಾ ಥುವೋಟ್, ಆ ಸುತ್ತಿನ ಕೆಮ್ಮಣ್ಣಿನ ಎತ್ತರದ ನೆಲ ಇದರ ತವರು. ಅರೇಬಿಕಾಕ್ಕಿಂತ ರೊಬಸ್ಟಾದಲ್ಲಿ ಕೆಫೀನ್ ಹೆಚ್ಚುಕಡಿಮೆ ಎರಡರಷ್ಟು, ಸಕ್ಕರೆಯ ಅಂಶ ಕಡಿಮೆ, ಕಹಿ ಮುಂದಾಗಿ ನಿಲ್ಲುತ್ತದೆ. ಅದನ್ನು ಅಲ್ಲಿಯವರು ಚೆನ್ನಾಗಿ ಕಪ್ಪಾಗುವ ತನಕ ಹುರಿಯುತ್ತಾರೆ. ಹುರಿಯುವಾಗ ಬೆಣ್ಣೆ, ಸಕ್ಕರೆ ಸೇರಿಸುವ ರೂಢಿಯೂ ಇದೆ. ತಾಜಾ ಹಾಲು ಸಿಗುವುದೇ ಕಷ್ಟವಿದ್ದ ಬಿಸಿಲು ನಾಡಿನಲ್ಲಿ ಡಬ್ಬಿಯ ಗಟ್ಟಿ ಸಿಹಿ ಹಾಲು ರೂಢಿಗೆ ಬಂತು. ಇಷ್ಟು ಕಹಿಗೆ ಅಷ್ಟು ಸಿಹಿ ಸರಿಯಾಗಿ ಹೊಂದಿತು. ಆ ಸಿಹಿಯ ಎದುರು ನಿಲ್ಲಬೇಕಾದರೆ ಕಾಫಿ ಗಟ್ಟಿಯಾಗಿಯೇ ಇರಬೇಕು. ತೆಳುವಾದರೆ ಲೋಟದಲ್ಲಿ ಉಳಿಯುವುದು ಕಾಫಿಯ ಬಣ್ಣದ ಸಿಹಿ ಹಾಲಷ್ಟೇ.

ಈಗ ಮುಖ್ಯ ಮಾತಿಗೆ ಬರೋಣ.

ಫಿನ್‌ನೊಳಗೆ ನೀರನ್ನು ಕೆಳಕ್ಕೆ ತಳ್ಳುವ ಶಕ್ತಿ ಒಂದೇ, ನೀರಿನ ಸ್ವಂತ ಭಾರ. ಪುಡಿಯ ಮೇಲೆ ನಿಲ್ಲುವ ನೀರು ಎರಡು ಮೂರು ಸೆಂಟಿಮೀಟರ್ ಇದ್ದರೆ ಹೆಚ್ಚು. ಅಷ್ಟು ಕಡಿಮೆ ಭಾರಕ್ಕೆ ದಾರಿ ಬಿಡುವುದೋ ಬಿಡದಿರುವುದೋ ಪುಡಿಯ ಕೈಯಲ್ಲಿದೆ. ಪುಡಿಯ ಕಣಗಳ ನಡುವಿನ ಸಂದು ದೊಡ್ಡದಿದ್ದರೆ ನೀರು ಸರಾಗ ಇಳಿಯುತ್ತದೆ, ಸಂದು ಕಿರಿದಾದರೆ ತಡೆಯುತ್ತದೆ. ಈ ಸಂದನ್ನು ನಿರ್ಧರಿಸುವ ವಿಷಯಗಳು ಮುಖ್ಯವಾಗಿ ಎರಡು: ಪುಡಿ ಎಷ್ಟು ನುಣುಪು, ಮತ್ತು ಒತ್ತುಬಿಲ್ಲೆ ಅದನ್ನು ಎಷ್ಟು ಅದುಮಿದೆ. ಸಮಯವನ್ನು ನಾವು ನೇರವಾಗಿ ತಿದ್ದಲಾಗದು. ಅದು ಈ ಎರಡರ ಫಲ. ಗಡಿಯಾರ ನಮಗೆ ವರದಿ ಕೊಡುತ್ತದೆ, ಅಷ್ಟೇ. ಆ ವರದಿಯನ್ನು ಓದಿ ಪುಡಿಯನ್ನು ತಿದ್ದಬೇಕೋ ಒತ್ತನ್ನು ತಿದ್ದಬೇಕೋ ಎಂದು ತೀರ್ಮಾನಿಸುವುದೇ ಫಿನ್‌ನ ವಿದ್ಯೆ. ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ದೊಡ್ಡ ವ್ಯತ್ಯಾಸವನ್ನು ಪುಡಿಯಿಂದ ಸರಿಪಡಿಸಿ, ಸಣ್ಣ ವ್ಯತ್ಯಾಸವನ್ನು ಮಾತ್ರ ಒತ್ತಿನಿಂದ ಸರಿಪಡಿಸಿ. ಇದನ್ನು ತಿರುಗಾಮುರುಗಾ ಮಾಡುವುದರಿಂದಲೇ ಬಹುಪಾಲು ಫಿನ್‌ಗಳು ಅಟ್ಟ ಸೇರುವುದು.

ಪುಡಿಯ ಹದ ಮೊದಲು. ಅಡುಗೆಮನೆಯ ಲೆಕ್ಕದಲ್ಲಿ ಹೇಳಬೇಕಾದರೆ, ಚಿರೋಟಿ ರವೆಗಿಂತ ತುಸು ದಪ್ಪ, ಉಪ್ಪಿಟ್ಟಿನ ರವೆಗಿಂತ ತುಸು ಸಣ್ಣ. ಎರಡು ಬೆರಳಿನ ನಡುವೆ ಉಜ್ಜಿದರೆ ತರಿ ಸ್ಪಷ್ಟವಾಗಿ ತಿಳಿಯಬೇಕು. ಬೆರಳಿಗೆ ಹಿಟ್ಟಿನಂತೆ ಮೆತ್ತಿಕೊಳ್ಳಬಾರದು. ನಮ್ಮ ಕಾಫಿಪುಡಿ ಅಂಗಡಿಗಳಲ್ಲಿ ಮನೆ ಫಿಲ್ಟರಿಗೆಂದು ಬೀಸಿಕೊಡುವ ಪುಡಿ ಸಾಮಾನ್ಯವಾಗಿ ಇದಕ್ಕಿಂತ ನುಣುಪು. ಜೊತೆಗೆ ಅದರಲ್ಲಿ ಚಿಕೋರಿ ಇದ್ದರೆ ಇನ್ನೊಂದು ತೊಡಕು. ಚಿಕೋರಿ ನೀರು ಹೀರಿ ಮೆತ್ತಗಾಗಿ ಕಣಗಳ ನಡುವಿನ ಸಂದನ್ನು ತುಂಬಿಕೊಳ್ಳುತ್ತದೆ. ನಮ್ಮ ಫಿಲ್ಟರಿನಲ್ಲಿ ಅದೇ ಗುಣದಿಂದ ಡಿಕಾಕ್ಷನ್ ನಿಧಾನವಾಗಿ, ಗಟ್ಟಿಯಾಗಿ ಇಳಿಯುತ್ತದೆ. ಫಿನ್‌ನಲ್ಲಿ ಅದೇ ಗುಣದಿಂದ ನೀರು ನಿಂತೇಬಿಡುತ್ತದೆ.

ಹದಕ್ಕಿಂತಲೂ ಹೆಚ್ಚಾಗಿ ನೋಡಬೇಕಾದದ್ದು ಪುಡಿ ಒಂದೇ ಸಮನಾಗಿದೆಯೇ ಎಂಬುದು. ಬ್ಲೇಡ್ ಇರುವ ಮಿಕ್ಸಿಯಲ್ಲಿ ಬೀಸಿದರೆ ಒಂದಿಷ್ಟು ದೊಡ್ಡ ತುಣುಕು, ಒಂದಿಷ್ಟು ಧೂಳು ಎರಡೂ ಒಟ್ಟಿಗೆ ಬರುತ್ತವೆ. ನೀರು ಇಳಿಯುವಾಗ ಆ ಧೂಳು ದೊಡ್ಡ ತುಣುಕುಗಳ ಸಂದಿನಿಂದ ಜಾರಿ ಕೆಳಗಿನ ತೂತುಗಳಿಗೆ ಬಂದು ಕೂರುತ್ತದೆ. ಆಗ ಒಂದು ವಿಚಿತ್ರ ಕಾಣುತ್ತದೆ: ಮೊದಲ ನಿಮಿಷ ಹನಿ ಚೆನ್ನಾಗಿಯೇ ಬೀಳುತ್ತದೆ, ಆಮೇಲೆ ಇದ್ದಕ್ಕಿದ್ದಂತೆ ಮಂದವಾಗಿ, ನೀರು ಇನ್ನೂ ಬಟ್ಟಲಿನಲ್ಲಿರುವಾಗಲೇ ನಿಂತುಬಿಡುತ್ತದೆ. ಹೀಗಾದರೆ ಒತ್ತನ್ನು ದೂರಬೇಡಿ. ಅದು ಧೂಳಿನ ಕೆಲಸ. ಕೈಯಲ್ಲಿ ತಿರುಗಿಸುವ, ಎರಡು ಹಲ್ಲುಬಿಲ್ಲೆಗಳ ನಡುವೆ ಬೀಜ ಅರೆಯುವ ಸಣ್ಣ ಗ್ರೈಂಡರ್ ಇದ್ದರೆ ಈ ಕಾಟ ಬಹಳ ಕಡಿಮೆ. ಮಿಕ್ಸಿಯೇ ಗತಿ ಎಂದಾದರೆ ಬೀಸಿದ ಪುಡಿಯನ್ನು ಸಣ್ಣ ಜರಡಿಯಲ್ಲಿ ಒಮ್ಮೆ ಆಡಿಸಿ ಧೂಳನ್ನು ತೆಗೆದುಬಿಡಿ. ಆ ಧೂಳು ಮನೆ ಫಿಲ್ಟರಿಗೆ ಆಗುತ್ತದೆ.

ಎರಡನೆಯದು ಒತ್ತು. ಮುಚ್ಚಳ ಅದುಮಬೇಕು ಎಂದು ಕೆಲವರು ಹೇಳುತ್ತಾರೆ. ಅದುಮುವ ಕೆಲಸ ಮೇಲಿನ ಮುಚ್ಚಳದ್ದಲ್ಲ, ಒಳಗಿನ ಒತ್ತುಬಿಲ್ಲೆಯದು. ಫಿನ್‌ಗಳಲ್ಲಿ ಎರಡು ಜಾತಿ. ಒಂದರಲ್ಲಿ ಒತ್ತುಬಿಲ್ಲೆ ಸುಮ್ಮನೆ ತನ್ನ ಭಾರದಿಂದ ಪುಡಿಯ ಮೇಲೆ ಕೂರುತ್ತದೆ. ಇನ್ನೊಂದರಲ್ಲಿ ಬಟ್ಟಲಿನ ನಡುವೆ ಒಂದು ತಿರುಪು ಎದ್ದಿರುತ್ತದೆ, ಬಿಲ್ಲೆಯನ್ನು ಅದಕ್ಕೆ ತಿರುಗಿಸಿ ಕೂರಿಸಬೇಕು. ಹೊಸಬರಿಗೆ ಮೊದಲನೆಯದೇ ಸುಲಭ, ಏಕೆಂದರೆ ಅಲ್ಲಿ ಕೆಡಿಸಲು ಹೆಚ್ಚು ಅವಕಾಶವಿಲ್ಲ. ಪುಡಿಯನ್ನು ಬಟ್ಟಲಿಗೆ ಹಾಕಿ, ಪಕ್ಕಕ್ಕೆ ಒಂದೆರಡು ಸಲ ಮೆಲ್ಲಗೆ ತಟ್ಟಿ ಮಟ್ಟಸ ಮಾಡಿ, ಬಿಲ್ಲೆಯನ್ನು ಮೇಲಿಟ್ಟು ಬಿಡಿ. ಬೆರಳಿನಿಂದ ಅದುಮಬೇಡಿ. ಆದರೆ ಬಿಲ್ಲೆ ಹಗುರವಾದ್ದರಿಂದ ನೀರನ್ನು ಒಮ್ಮೆಲೇ ಸುರಿದರೆ ಒಂದು ಕಡೆ ಎದ್ದು ಓರೆಯಾಗುತ್ತದೆ. ಓರೆಯಾದ ಕಡೆಯಿಂದ ಪುಡಿ ಮೇಲೆ ಬರುತ್ತದೆ, ನೀರು ಆ ಸಡಿಲ ಜಾಗವನ್ನೇ ಹಿಡಿದು ಇಳಿದುಹೋಗುತ್ತದೆ. ನೀರನ್ನು ಬಿಲ್ಲೆಯ ನಡುಭಾಗಕ್ಕೆ, ಸಣ್ಣ ಧಾರೆಯಲ್ಲಿ ಹುಯ್ಯಬೇಕು.

ತಿರುಪಿನ ಫಿನ್‌ನಲ್ಲಿ ಒತ್ತು ನಿಮ್ಮ ಕೈಯಲ್ಲಿದೆ. ಇಲ್ಲಿ ತಿಳಿಯಬೇಕಾದ ಸಂಗತಿ ಒಂದಿದೆ. ಹುರಿದ ಕಾಫಿಯೊಳಗೆ ಇಂಗಾಲದ ಡೈಆಕ್ಸೈಡ್ ಅನಿಲ ಸೇರಿಕೊಂಡಿರುತ್ತದೆ. ಹುರಿದು ಕೆಲವೇ ದಿನವಾದ ಕಾಫಿಯಲ್ಲಿ ಅದು ಹೆಚ್ಚು. ಬಿಸಿನೀರು ತಾಗಿದ ಕೂಡಲೇ ಆ ಅನಿಲ ಹೊರಬರುತ್ತದೆ, ಪುಡಿ ಉಬ್ಬುತ್ತದೆ. ಬಿಲ್ಲೆ ಸಡಿಲವಾಗಿದ್ದರೆ ಅದು ತುಸು ಮೇಲೆದ್ದು ಪುಡಿಗೆ ಜಾಗ ಕೊಡುತ್ತದೆ. ತಿರುಪಿನ ಬಿಲ್ಲೆ ಮೇಲೇಳುವುದಿಲ್ಲ. ಒಣಗಿದ ಪುಡಿಯ ಮೇಲೆ ಅದನ್ನು ಮೊದಲೇ ಬಿಗಿ ಮಾಡಿದ್ದರೆ, ಪುಡಿ ಉಬ್ಬಿದಂತೆಲ್ಲ ತನ್ನನ್ನು ತಾನೇ ಇನ್ನಷ್ಟು ಬಿಗಿದುಕೊಳ್ಳುತ್ತದೆ. ನೀವು ಕೊಟ್ಟದ್ದು ಸ್ವಲ್ಪ ಒತ್ತು, ಆದದ್ದು ಬಹಳ. ಅದಕ್ಕೇ ತಿರುಪಿನ ಫಿನ್‌ನಲ್ಲಿ ಬಿಲ್ಲೆಯನ್ನು ಪುಡಿ ತಾಗುವ ತನಕ ಮಾತ್ರ ಇಳಿಸಿ, ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ ಬಿಡಬೇಕು. ಪುಡಿ ನೆನೆದು ಉಬ್ಬಿದ ಮೇಲೆ, ಬೇಕೆನಿಸಿದರೆ ಕಾಲು ಸುತ್ತು ಮುಂದೆ. ಬಿಗಿ ಮಾಡುವುದೆಲ್ಲ ನೆನೆದ ಮೇಲೆಯೇ.

ಈ ನೆನೆಸುವುದನ್ನು ಬಿಡಲೇಬಾರದು. ಪುಡಿಯ ತೂಕದ ಒಂದೂವರೆಯಿಂದ ಎರಡು ಪಟ್ಟು ಬಿಸಿನೀರು ಹುಯ್ದು ಅರ್ಧ ನಿಮಿಷದಿಂದ ಮುಕ್ಕಾಲು ನಿಮಿಷ ಕಾಯಬೇಕು. ಅನಿಲ ಹೊರಹೋಗದೆ ಒಮ್ಮೆಲೇ ನೀರು ತುಂಬಿದರೆ ಗುಳ್ಳೆಗಳು ನೀರಿಗೆ ಅಡ್ಡ ನಿಲ್ಲುತ್ತವೆ, ಪುಡಿಯ ಕೆಲವು ಭಾಗ ಒಣಗಿಯೇ ಉಳಿದುಬಿಡುತ್ತದೆ. ಬಿಲ್ಲೆಯ ತೂತುಗಳಿಂದ ಕಂದು ನೊರೆ ಮೇಲೆ ಬರುವುದು ನಿಮಗೆ ಕಾಣಿಸುತ್ತದೆ. ನೊರೆ ಧಾರಾಳವಾಗಿ ಬಂದರೆ ಕಾಫಿ ಹೊಸದು. ಒಂದು ಗುಳ್ಳೆಯೂ ಬರದಿದ್ದರೆ ಪುಡಿ ಹಳೆಯದು. ಹಳೆಯ ಪುಡಿಯಲ್ಲಿ ಉಬ್ಬುವಿಕೆ ಕಡಿಮೆಯಾದ್ದರಿಂದ ನೀರೂ ಬೇಗ ಇಳಿಯುತ್ತದೆ. ಅದೇ ಡಬ್ಬಿಯ ಪುಡಿ ಮೊದಲ ವಾರ ಐದು ನಿಮಿಷ, ಮೂರನೆಯ ವಾರ ಮೂರೂವರೆ ನಿಮಿಷ ತೆಗೆದುಕೊಂಡರೆ ಆಶ್ಚರ್ಯಪಡಬೇಕಿಲ್ಲ.

ಈಗ ಒಂದು ಉದಾಹರಣೆಯನ್ನು ಮೊದಲಿನಿಂದ ಕೊನೆಯ ತನಕ ಹಿಡಿದು ನೋಡೋಣ. ನಿಮ್ಮ ಬಳಿ ಸುಮಾರು 120 ಮಿಲಿಲೀಟರ್ ಹಿಡಿಯುವ, ತಿರುಪಿನ ಒಂದು ಸಣ್ಣ ಫಿನ್ ಇದೆ. ಕೊಡಗಿನ ರೊಬಸ್ಟಾ ಬೀಜ ಕಪ್ಪಾಗಿ ಹುರಿಸಿ ತಂದಿದ್ದೀರಿ. ಪುಡಿ 18 ಗ್ರಾಂ, ಅಂದರೆ ತಲೆತುಂಬಿದ ಮೂರು ಸಣ್ಣ ಚಮಚಕ್ಕೂ ಹೆಚ್ಚು. ತಕ್ಕಡಿ ಇದ್ದರೆ ತಕ್ಕಡಿಯನ್ನೇ ನಂಬಿ. ನೆನೆಸಲು 30 ಮಿಲಿಲೀಟರ್ ನೀರು, ಆಮೇಲೆ 80 ಮಿಲಿಲೀಟರ್. ಒಟ್ಟು 110. ಪುಡಿ ತನ್ನ ತೂಕದ ಎರಡು ಪಟ್ಟಿನಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಅಂದರೆ 36. ಲೋಟಕ್ಕೆ ಇಳಿಯುವುದು 70ರಿಂದ 75 ಮಿಲಿಲೀಟರ್. ಇಷ್ಟೇನಾ ಎಂದು ನೀರು ಹೆಚ್ಚಿಸಲು ಹೋಗಬೇಡಿ. ಇಷ್ಟೇ. ಇದು ಸಣ್ಣ, ಗಟ್ಟಿ ಕಾಫಿ.

ಅಂಗಡಿಯಲ್ಲಿ ಫಿಲ್ಟರಿಗೆ ಎಂದು ಹೇಳಿ ನುಣ್ಣಗೆ ಬೀಸಿಸಿದಿರಿ ಎಂದಿಟ್ಟುಕೊಳ್ಳಿ. ನೀರು ಹುಯ್ದು ಗಡಿಯಾರ ನೋಡಿದರೆ, ಮೊದಲ ಹನಿ ಬೀಳಲು ಒಂದೂವರೆ ನಿಮಿಷ. ಆಮೇಲೆ ಮೂರು ನಾಲ್ಕು ಸೆಕೆಂಡಿಗೆ ಒಂದು ಹನಿ. ಹನ್ನೆರಡು ನಿಮಿಷವಾದರೂ ಬಟ್ಟಲಿನಲ್ಲಿ ನೀರು. ಲೋಟ ಮುಟ್ಟಿದರೆ ಉಗುರುಬೆಚ್ಚಗೆ. ರುಚಿ ನೋಡಿದರೆ ನಾಲಿಗೆಯ ಮೇಲೆ ಒಣಗಿದಂತಹ ಕಹಿ. ತಿರುಪನ್ನು ಪೂರ್ತಿ ಸಡಿಲಿಸಿದರೂ ಎಂಟು ನಿಮಿಷಕ್ಕಿಂತ ಕೆಳಗೆ ಬರುವುದಿಲ್ಲ. ಇಲ್ಲಿ ಒತ್ತು ಏನೂ ಮಾಡಲಾರದು, ಪುಡಿಯೇ ಬದಲಾಗಬೇಕು.

ಮುಂದಿನ ಸಲ ಉಪ್ಪಿಟ್ಟಿನ ರವೆಯಷ್ಟೇ ತರಿಯಾಗಿ ಬೀಸಿದಿರಿ. ಈಗ ಹನಿಯೇ ಇಲ್ಲ, ನೂಲಿನಂತಹ ಧಾರೆ. ಎರಡು ನಿಮಿಷದೊಳಗೆ ಬಟ್ಟಲು ಖಾಲಿ. ಇಳಿದದ್ದು ಲೋಟದ ಅಂಚಿನಲ್ಲಿ ಕೆಂಪಗೆ, ಬೆಳಕು ಹಾಯುವಷ್ಟು ತೆಳು. ರುಚಿ ಚಪ್ಪೆ, ನಾಲಿಗೆಯ ಬದಿಯಲ್ಲಿ ಚುರುಕಾದ ಒಂದು ಹುಳಿ. ಕಾಫಿಯಿಂದ ಹುಳಿ ಮೊದಲು ಬಿಡುತ್ತದೆ, ಸಿಹಿ ಮತ್ತು ಮೈತುಂಬಿದ ರುಚಿ ನಂತರ, ಒರಟು ಕಹಿ ಕೊನೆಗೆ. ಬೇಗ ಇಳಿದ ಕಾಫಿ ಮೊದಲ ಹಂತದಲ್ಲೇ ನಿಂತದ್ದು. ಹನ್ನೆರಡು ನಿಮಿಷದ ಕಾಫಿ ಕೊನೆಯ ಹಂತವನ್ನೂ ದಾಟಿದ್ದು. ಈ ತೆಳು ಕಾಫಿಯನ್ನು ತಿರುಪು ಬಿಗಿದು ಸರಿ ಮಾಡಬಹುದು ಎನಿಸುತ್ತದೆ. ಮಾಡಿ ನೋಡಿದರೆ ಸಮಯವೇನೋ ನಾಲ್ಕು ನಿಮಿಷಕ್ಕೆ ಬರುತ್ತದೆ, ರುಚಿ ಬರುವುದಿಲ್ಲ. ದೊಡ್ಡ ಕಣದ ಒಳಗಿನ ಸಾರ ಅಷ್ಟು ಹೊತ್ತಿನಲ್ಲಿ ಹೊರಗೆ ಬರುವುದೇ ಇಲ್ಲ. ಬಲವಾಗಿ ಬಿಗಿದ ಪುಡಿಯಲ್ಲಿ ನೀರು ಎಲ್ಲೋ ಒಂದು ಸಡಿಲ ಎಡೆಯನ್ನು ಹುಡುಕಿ ಅಲ್ಲಿಂದಲೇ ಹರಿಯುತ್ತದೆ. ಆ ಎಡೆಯ ಪುಡಿ ಅತಿಯಾಗಿ ಬಸಿದು, ಉಳಿದದ್ದು ಹಾಗೇ ಉಳಿಯುತ್ತದೆ. ಒಂದೇ ಲೋಟದಲ್ಲಿ ಹುಳಿಯೂ ಕಹಿಯೂ ಒಟ್ಟಿಗೆ ಕಂಡರೆ ಕಾರಣ ಹೆಚ್ಚಾಗಿ ಇದೇ.

ಆದ್ದರಿಂದ ಎರಡರ ನಡುವಿನ ಹದಕ್ಕೆ ಬೀಸಿ. ಬಿಲ್ಲೆಯನ್ನು ತಾಗಿಸಿ ಅರ್ಧ ಸುತ್ತು ಹಿಂದಕ್ಕೆ ತಂದು, ನೆನೆಸಿ, ನಲವತ್ತು ಸೆಕೆಂಡು ಬಿಟ್ಟು, ಉಳಿದ ನೀರು ಹುಯ್ದು ಗಡಿಯಾರ ಹಿಡಿಯಿರಿ. ಮೂರೂವರೆ ನಿಮಿಷ ಬಂತು ಎನ್ನಿ. ರುಚಿ ಚೆನ್ನಾಗಿದೆ, ಆದರೆ ಹಾಲಿನ ಎದುರು ಇನ್ನೂ ಸ್ವಲ್ಪ ಮೆತ್ತಗೆ. ಇದು ಒತ್ತಿನ ಕೆಲಸ. ಮುಂದಿನ ಸಲ ನೆನೆದ ಮೇಲೆ ಬಿಲ್ಲೆಯನ್ನು ಚಮಚದ ತುದಿಯಿಂದ ಕಾಲು ಸುತ್ತು ಮುಂದೆ ತಿರುಗಿಸಿ. ನಾಲ್ಕೂವರೆ ನಿಮಿಷ. ತಟ್ಟೆಯ ಅಡಿಗೆ ಕಣ್ಣಿಟ್ಟು ನೋಡಿ: ತೂತಿನ ಬಾಯಲ್ಲಿ ಕಪ್ಪು ಬಿಂದು ಉಬ್ಬಿ, ತುಂಬಿ, ಬಿದ್ದು, ಸೆಕೆಂಡಿಗೆ ಒಂದರಂತೆ ಮತ್ತೊಂದು ತುಂಬುತ್ತಿದೆ. ಕೊನೆಕೊನೆಗೆ ಮೇಲಿನ ನೀರಿನ ಭಾರ ಕಡಿಮೆಯಾಗುವುದರಿಂದ ಹನಿ ತಾನಾಗಿ ನಿಧಾನವಾಗುತ್ತದೆ. ಅದು ಸಹಜ. ಮುಖ್ಯ ನೀರು ಹುಯ್ದಾಗಿನಿಂದ ನಾಲ್ಕರಿಂದ ಐದು ನಿಮಿಷ, ಇದು ನಿಮ್ಮ ಗುರಿ. ಇದರೊಳಗೆ ಬಂದ ಮೇಲೆ ಗಡಿಯಾರವನ್ನು ಬದಿಗಿಟ್ಟು ನಾಲಿಗೆಯನ್ನು ನಂಬಬಹುದು.

ನಾಲಿಗೆಯನ್ನು ನಂಬುವಾಗ ಒಂದು ಎಚ್ಚರಿಕೆ. ಹಾಲು ಕದಡುವ ಮುನ್ನ ಮೇಲಿನ ಕರಿ ಕಾಫಿಯನ್ನು ಒಂದು ಚಮಚ ತೆಗೆದು ರುಚಿ ನೋಡಿ. ಕಂಡೆನ್ಸ್‌ಡ್ ಮಿಲ್ಕ್ ಎಲ್ಲ ದೋಷಗಳನ್ನೂ ಮುಚ್ಚಿಹಾಕುತ್ತದೆ. ಕದಡಿದ ಮೇಲೆ ತಪ್ಪು ಪುಡಿಯದೋ ಒತ್ತಿನದೋ ತಿಳಿಯಲು ದಾರಿಯಿಲ್ಲ.

ಶಾಖದ ಮಾತು ಸ್ವಲ್ಪ. ತೆಳು ಲೋಹದ ಸಣ್ಣ ಬಟ್ಟಲು ಬಿಸಿಯನ್ನು ಬೇಗ ಕಳೆದುಕೊಳ್ಳುತ್ತದೆ, ಐದು ನಿಮಿಷದಲ್ಲಿ ನೀರು ಗಣನೀಯವಾಗಿ ತಣಿಯುತ್ತದೆ. ಮುಚ್ಚಳ ಇರುವುದು ಅದಕ್ಕೇ. ನೀರು ಹುಯ್ದ ಕೂಡಲೇ ಮುಚ್ಚಿ, ಮತ್ತೆ ಮತ್ತೆ ತೆರೆದು ನೋಡಬೇಡಿ. ಪುಡಿ ಹಾಕುವ ಮುನ್ನ ಫಿನ್‌ಗೂ ಲೋಟಕ್ಕೂ ಬಿಸಿನೀರು ಹಾಕಿ ಚೆಲ್ಲಿ, ಫಿನ್ ಒರೆಸಿಕೊಳ್ಳಿ. ನೀರು 92ರಿಂದ 96 ಡಿಗ್ರಿ ಇರಬೇಕು, ಕುದಿದ ಮೇಲೆ ಸ್ವಲ್ಪ ಆರಲು ಬಿಡಿ ಎಂದು ಎಲ್ಲರೂ ಬರೆಯುತ್ತಾರೆ. ಸಮುದ್ರದ ಬದಿಯ ಮಂಗಳೂರಿನಲ್ಲಿ ಆ ಮಾತು ಸರಿ. ಬೆಂಗಳೂರು ಸಮುದ್ರಮಟ್ಟದಿಂದ ಒಂಬೈನೂರು ಮೀಟರ್ ಎತ್ತರದಲ್ಲಿದೆ, ಅಲ್ಲಿ ನೀರು ಕುದಿಯುವುದೇ ಸುಮಾರು 97 ಡಿಗ್ರಿಯಲ್ಲಿ. ಮಡಿಕೇರಿಯಲ್ಲಿ ಇನ್ನೂ ಒಂದು ಡಿಗ್ರಿ ಕಡಿಮೆ. ಈ ಊರುಗಳಲ್ಲಿ ಕುದಿ ಬಂದ ನೀರನ್ನು ಒಲೆಯಿಂದ ಇಳಿಸಿ ನೇರವಾಗಿ ಹುಯ್ಯಬಹುದು.

ಕೊನೆಯ ಹನಿಗಳ ವಿಷಯದಲ್ಲಿ ಜಿಪುಣತನ ಬೇಡ. ಬಟ್ಟಲಿನ ನೀರು ಪುಡಿಯ ಮಟ್ಟಕ್ಕೆ ಇಳಿದು, ಹನಿಯ ಬಣ್ಣ ಹಳದಿಗೆ ತಿರುಗಿದಾಗ ಫಿನ್ ಎತ್ತಿಬಿಡಿ. ಮುಚ್ಚಳವನ್ನು ಮಗುಚಿ ಮೇಜಿನ ಮೇಲಿಟ್ಟರೆ ಅದೇ ತಟ್ಟೆಯಾಗುತ್ತದೆ. ಫಿನ್ ಅದರ ಮೇಲೆ ಕೂರುತ್ತದೆ, ಮೇಜು ಕೊಳೆಯಾಗುವುದಿಲ್ಲ. ವಿಯೆಟ್ನಾಮಿನಲ್ಲಿ ಎಲ್ಲರೂ ಮಾಡುವುದು ಹಾಗೆಯೇ.

ಕಾಫಿ ಕುಡಿದಾದ ಮೇಲೆ ಒತ್ತುಬಿಲ್ಲೆ ತೆಗೆದು ಚರಟವನ್ನು ಒಮ್ಮೆ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಚರಟ ಮಟ್ಟಸವಾಗಿ, ಒಂದೇ ಬಣ್ಣದಲ್ಲಿದ್ದರೆ ನೀರು ಎಲ್ಲ ಕಡೆಯಿಂದಲೂ ಹಾದಿದೆ. ಬದಿಯಲ್ಲಿ ಒಂದು ಗುಳಿ ಬಿದ್ದಿದ್ದರೆ ನೀರು ಅಲ್ಲಿಂದ ತಪ್ಪಿಸಿಕೊಂಡಿದೆ. ಬಿಲ್ಲೆ ಓರೆಯಾಗಿ ಕುಳಿತಿತ್ತು ಎಂದು ಅರ್ಥ. ಮೇಲೆ ಕೆಸರಿನಂತಹ ನುಣುಪು ಪದರವಿದ್ದರೆ ಧೂಳು ಹೆಚ್ಚು. ಒಳಗೆ ಒಣ ಪುಡಿಯ ಗಂಟು ಸಿಕ್ಕರೆ ನೆನೆಸಿದ್ದು ಸಾಲದು. ಲೋಟದ ತಳದಲ್ಲಿ ಒಂದಿಷ್ಟು ಗಸಿ ಇರುವುದು ಲೋಹದ ಫಿನ್‌ಗೆ ಸಹಜವೇ. ಕೊನೆಯ ಗುಟುಕು ಪೂರ್ತಿ ಮರಳಾದರೆ ಮಾತ್ರ ಪುಡಿ ಇನ್ನೂ ತರಿಯಾಗಬೇಕು.

ತೊಳೆಯುವುದನ್ನು ಮುಂದೂಡಬೇಡಿ. ಕಾಫಿಯ ಎಣ್ಣೆ ಒಣಗಿ ತೂತುಗಳಲ್ಲಿ ಅಂಟಿಕೊಂಡರೆ ನಿಮ್ಮ ಲೆಕ್ಕವೆಲ್ಲ ತಪ್ಪುತ್ತದೆ; ಅದೇ ಪುಡಿ, ಅದೇ ಒತ್ತು, ಆದರೂ ದಿನದಿಂದ ದಿನಕ್ಕೆ ನಿಧಾನ. ಬಟ್ಟಲನ್ನು ಕಿಟಕಿಯ ಬೆಳಕಿಗೆ ಹಿಡಿದರೆ ಮುಚ್ಚಿದ ತೂತುಗಳು ಕಾಣುತ್ತವೆ. ಸ್ಟೀಲ್ ಫಿನ್ ಆದರೆ ಬಿಸಿನೀರಿಗೆ ಅಡುಗೆ ಸೋಡ ಹಾಕಿ ನೆನೆಸಿ ಉಜ್ಜಬಹುದು. ಅಲ್ಯೂಮಿನಿಯಂಗೆ ಸೋಡ ಆಗದು, ಕಪ್ಪಾಗುತ್ತದೆ. ಅದಕ್ಕೆ ಸಾಬೂನು ಮತ್ತು ಮೆತ್ತನೆಯ ಬ್ರಷ್ ಸಾಕು.

ಭಾರತದ ಕಾಫಿಯಲ್ಲಿ ನೂರಕ್ಕೆ ಎಪ್ಪತ್ತರಷ್ಟು ಬೆಳೆಯುವುದು ನಮ್ಮ ರಾಜ್ಯದಲ್ಲಿ, ಅದರಲ್ಲೂ ರೊಬಸ್ಟಾಕ್ಕೆ ಕೊಡಗು ಹೆಸರಾದ ನೆಲ. ಫಿನ್‌ಗೆ ಬೇಕಾದ ಬೀಜಕ್ಕೆ ನಾವು ವಿಯೆಟ್ನಾಮಿನ ಡಬ್ಬಿಯನ್ನು ಕಾಯಬೇಕಾಗಿಲ್ಲ. ಪುಡಿಯಂಗಡಿಗೆ ಹೋದಾಗ ಮೂರು ಮಾತು ಹೇಳಿ: ಬರೀ ರೊಬಸ್ಟಾ ಕೊಡಿ, ಕಪ್ಪಾಗಿ ಹುರಿದದ್ದು ಕೊಡಿ, ಚಿಕೋರಿ ಬೇಡ. ಬೀಸುವಾಗ ಫಿಲ್ಟರ್ ಪುಡಿಗಿಂತ ತರಿಯಾಗಿ ಬೀಸಿ ಎಂದು ಕೇಳಿ, ಮೊದಲ ಸಲಕ್ಕೆ ನೂರು ಗ್ರಾಂ ಮಾತ್ರ ತನ್ನಿ. ಮನೆಯಲ್ಲಿ ಒಂದು ಚೀಟಿಯಲ್ಲಿ ಪುಡಿಯ ಹದ, ತಿರುಪಿನ ಸುತ್ತು, ನಿಮಿಷ, ರುಚಿ ಇಷ್ಟನ್ನು ಬರೆದಿಟ್ಟು, ಪ್ರತಿ ಸಲ ಒಂದನ್ನು ಮಾತ್ರ ಬದಲಿಸಿ. ಆ ನೂರು ಗ್ರಾಂ ಮುಗಿಯುವುದರೊಳಗೆ ನಿಮ್ಮ ಫಿನ್‌ನ ಹದ ನಿಮಗೆ ಸಿಕ್ಕಿರುತ್ತದೆ.